ಸ್ಪ್ಯಾನಿಷ್ ಕೇಳುವಾಗ ಕಿವಿ ಎಡವುವುದೆಲ್ಲಿ? ಸೆಸೆಯೋ, ಯೆಯಿಸ್ಮೋಗಳಿಗೆ ಕಿವಿ ಪಳಗಿಸುವ ಕ್ರಮ

ಪಠ್ಯಪುಸ್ತಕದ ಸ್ಪ್ಯಾನಿಷನ್ನು ಸರಾಗವಾಗಿ ಓದಬಲ್ಲವರೂ ಬ್ಯೂನಸ್ ಐರಿಸ್‌ನ ಬಾನುಲಿಯನ್ನು ಹಾಕಿದೊಡನೆ ದಿಕ್ಕೆಡುವುದನ್ನು ಕಂಡಿದ್ದೇನೆ. ಆಗ ಹೆಚ್ಚಿನವರು ದೇಶಕ್ಕೊಂದರಂತೆ ಉಚ್ಚಾರಣೆಯ ಪಟ್ಟಿ ಬರೆದುಕೊಂಡು ಬಾಯಿಪಾಠಕ್ಕೆ ಕೂರುತ್ತಾರೆ. ಆ ಪಟ್ಟಿ ಬೇಡ. ಕೇಳಿದ ಧ್ವನಿಯ ಹಿಂದೆ ಯಾವ ಯಾವ ಅಕ್ಷರಗಳಿರಬಹುದು ಎಂದು ಊಹಿಸುವ ಅಭ್ಯಾಸವೊಂದಿದ್ದರೆ ಸಾಕು.

ಮೊದಲು ಎರಡು ವ್ಯತ್ಯಾಸಗಳನ್ನು ತಿಳಿಯಿರಿ. ಸ್ಪೇನಿನ ಉತ್ತರ ಮತ್ತು ಮಧ್ಯಭಾಗದವರು ಝೆಡ್ ಅಕ್ಷರವನ್ನೂ, ಇ ಅಥವಾ ಐ ಅಕ್ಷರಕ್ಕೆ ಮೊದಲು ಬರುವ ಸಿ ಅಕ್ಷರವನ್ನೂ ನಾಲಿಗೆಯ ತುದಿಯನ್ನು ಹಲ್ಲುಗಳ ನಡುವೆ ತಂದು, ಇಂಗ್ಲಿಷಿನ ಥಿಂಕ್ ಪದದ ಮೊದಲ ಧ್ವನಿಯಂತೆ ನುಡಿಯುತ್ತಾರೆ. ಲ್ಯಾಟಿನ್ ಅಮೆರಿಕ, ಕ್ಯಾನರಿ ದ್ವೀಪಗಳು ಮತ್ತು ಸ್ಪೇನಿನ ದಕ್ಷಿಣದ ಆಂದಲೂಸಿಯಾದ ಹಲವೆಡೆ ಅದು ಸಕಾರವೇ ಆಗಿಬಿಡುತ್ತದೆ, ಇದು ಸೆಸೆಯೋ. ಜೋಡಿ ಎಲ್ ಮತ್ತು ವೈ ಅಕ್ಷರಗಳ ಧ್ವನಿ ಒಂದೇ ಆಗುವುದು ಯೆಯಿಸ್ಮೋ. ಇದು ಇಂದು ಸ್ಪೇನಿನ ಬಹುಭಾಗದಲ್ಲೂ ಲ್ಯಾಟಿನ್ ಅಮೆರಿಕದ ಬಹುಭಾಗದಲ್ಲೂ ಇದೆ. ಆದರೆ ಪರಾಗ್ವೆ, ಬೊಲಿವಿಯಾಗಳಂಥ ಕಡೆಗಳ ಹಲವರಲ್ಲಿ ಜೋಡಿ ಎಲ್ ಇನ್ನೂ ನಮ್ಮ ಲ್ಯಕಾರಕ್ಕೆ ಹತ್ತಿರವಾಗಿ ಕೇಳಿಸುತ್ತದೆ.

ನಂತರ ಒಂದು ಊರಿನ ಮಾತನ್ನು ಮೂಲವಾಗಿ ಆರಿಸಿಕೊಳ್ಳಿ. ನನ್ನ ಆಯ್ಕೆ ಬೊಗೊಟಾ, ಏಕೆಂದರೆ ಅಲ್ಲಿ ಸಕಾರಗಳು ಪದದ ಕೊನೆಯಲ್ಲೂ ಸ್ಪಷ್ಟವಾಗಿ ಉಳಿಯುತ್ತವೆ.

ಕನ್ನಡ ಕಿವಿಗೆ ನಿಜವಾಗಿ ಕಷ್ಟವಾಗುವುದು ಶಕಾರ. ಮ್ಯಾಡ್ರಿಡ್‌ನಲ್ಲಿ ಎಸ್ ಅಕ್ಷರವನ್ನು ನಾಲಿಗೆಯ ತುದಿಯನ್ನು ಮೇಲೆತ್ತಿ ನುಡಿಯುವುದರಿಂದ ಅದು ನಮಗೆ ಅರ್ಧ ಶಕಾರದಂತೆ ಕೇಳಿಸುತ್ತದೆ. ಬ್ಯೂನಸ್ ಐರಿಸ್ ಮತ್ತು ಮಾಂಟೆವಿಡಿಯೊಗಳಲ್ಲಿ ಇನ್ನೂ ಸ್ಪಷ್ಟವಾದ ಶಕಾರವಿದೆ, ಆದರೆ ಅಲ್ಲಿ ಅದು ಜೋಡಿ ಎಲ್ ಮತ್ತು ವೈ ಅಕ್ಷರಗಳ ಧ್ವನಿ. ಹೀಗಾಗಿ ಕಿವಿಗೆ ಕಾಶಾ ಎಂದು ಬಿದ್ದರೆ, ಮಾತನಾಡುವವರು ಮ್ಯಾಡ್ರಿಡ್‌ನವರಾದರೆ ಅದು ಮನೆ ಎಂಬರ್ಥದ ಕಾಸಾ. ಬೇಟೆ ಎಂಬರ್ಥದ ಪದವನ್ನು ಅವರು ಹಲ್ಲುಗಳ ನಡುವಿನ ಧ್ವನಿಯಿಂದ ಬೇರೆಯಾಗಿಯೇ ನುಡಿಯುತ್ತಾರೆ. ಬ್ಯೂನಸ್ ಐರಿಸ್‌ನವರಲ್ಲಿ ಮನೆ, ಬೇಟೆ ಎರಡೂ ಕಾಸಾ, ಬೀದಿ ಮಾತ್ರ ಕಾಶೆ. ಆದ್ದರಿಂದ ಯಾವುದೇ ಧ್ವನಿಮುದ್ರಣದ ಮೊದಲ ವಾಕ್ಯಗಳಲ್ಲಿ ಅರ್ಥವನ್ನು ಹುಡುಕಬೇಡಿ. ನಾನು ಎಂಬ ಪದ ಯೋ ಎಂದು ಬಂತೇ, ಶೋ ಎಂದು ಬಂತೇ ಎಂಬುದನ್ನು ಮಾತ್ರ ಗಮನಿಸಿ. ಎಲ್ಲೆಡೆ ಬಳಕೆಯಲ್ಲಿರುವ ಆ ಪದವೊಂದೇ ಮುಂದಿನ ಶಕಾರಗಳನ್ನು ಹೇಗೆ ಓದಿಕೊಳ್ಳಬೇಕೆಂದು ತಿಳಿಸುತ್ತದೆ. ಹಲ್ಲುಗಳ ನಡುವಿನ ಧ್ವನಿಯನ್ನು ಥಕಾರದಿಂದಲೂ ಜೋಡಿ ಎಲ್ ಧ್ವನಿಯನ್ನು ಳಕಾರದಿಂದಲೂ ಬರೆದು ಕಲಿಸುವ ಕೈಪಿಡಿಗಳನ್ನು ಪಕ್ಕಕ್ಕಿಡಿ: ನಮ್ಮ ಥ ಉಸಿರನ್ನು ತಡೆದು ಬಿಡುವ ಧ್ವನಿ, ನಮ್ಮ ಳ ನಾಲಿಗೆಯನ್ನು ಹಿಂದಕ್ಕೆ ಮಡಿಸಿ ನುಡಿಯುವಂಥದು, ಎರಡೂ ಆ ಸ್ಪ್ಯಾನಿಷ್ ಧ್ವನಿಗಳಲ್ಲ.

ಆಮೇಲೆ ಉಕ್ತಲೇಖನ. ಒಂದು ನಿಮಿಷದ ಮುದ್ರಣವನ್ನು ಸಹಜ ವೇಗದಲ್ಲೇ ಕೇಳಿ ಬರೆಯಿರಿ. ಅರ್ಧ ವೇಗಕ್ಕೆ ಇಳಿಸುವ ಗುಂಡಿಯಿಂದ ಧ್ವನಿ ಹಿಗ್ಗುತ್ತದೆಯೇ ಹೊರತು ಕಿವಿ ಪಳಗುವುದಿಲ್ಲ. ಅನುಮಾನವಾದಲ್ಲಿ ಎರಡೂ ಕಾಗುಣಿತಗಳನ್ನು ಬರೆದಿಟ್ಟು, ತೀರ್ಪನ್ನು ವಾಕ್ಯಕ್ಕೆ ಬಿಡಿ. ಎಲ್ ನಿನ್ಯೋ ಸೆ ಕಯೋ ಎಂದಷ್ಟೇ ಕೇಳಿದರೆ ಹುಡುಗ ಬಿದ್ದನೆಂದೂ ಆಗಬಹುದು, ಸುಮ್ಮನಾದನೆಂದೂ ಆಗಬಹುದು. ಮೊದಲನೆಯದು ವೈ, ಎರಡನೆಯದು ಜೋಡಿ ಎಲ್. ಬೆನ್ನಿಗೇ ದೆ ಲಾ ಸಿಯಾ, ಅಂದರೆ ಕುರ್ಚಿಯಿಂದ, ಎಂದು ಬಂದರೆ ಬಿದ್ದದ್ದೇ ಸರಿ. ಸೆಸೆಯೋದ ಜೋಡಿಗಳಲ್ಲಿ ವ್ಯಾಕರಣವೇ ಎಷ್ಟೋ ಸಲ ನೆರವಾಗುತ್ತದೆ: ಮೆ ವೊಯ್ ಆ ಕಸಾರ್ ಎಂಬಲ್ಲಿ ಮೆ ಇರುವುದರಿಂದ ಅದು ಹೆಚ್ಚಾಗಿ ಮದುವೆ, ಮೆ ಇಲ್ಲದೆ ವೊಯ್ ಆ ಕಸಾರ್ ಎಂದರೆ ಸಾಮಾನ್ಯವಾಗಿ ಬೇಟೆಗೆ ಹೊರಟ ಮಾತು. ಲ್ಯಾಟಿನ್ ಅಮೆರಿಕದವರೂ ಗೊಂದಲವಾಗುವಲ್ಲಿ ಪದವನ್ನೇ ಬದಲಿಸುತ್ತಾರೆ. ಬೇಯಿಸು ಮತ್ತು ಹೊಲಿ ಎಂಬ ಕ್ರಿಯಾಪದಗಳೆರಡೂ ಅವರ ಬಾಯಲ್ಲಿ ಕೊಸೇರ್ ಆಗುವುದರಿಂದ, ಅಡುಗೆಯ ಮಾತಿಗೆ ಕೊಸಿನಾರ್ ಎನ್ನುವುದು ಸಾಮಾನ್ಯ.

ಬರೆದದ್ದನ್ನು ಮೂಲ ಪಠ್ಯದೊಂದಿಗೆ ಹೋಲಿಸುವಾಗ ತಪ್ಪುಗಳನ್ನು ಎರಡು ಗುಂಪು ಮಾಡಿ. ಎಸ್ ಇರಬೇಕಾದಲ್ಲಿ ಝೆಡ್, ವೈ ಇರಬೇಕಾದಲ್ಲಿ ಜೋಡಿ ಎಲ್ ಬರೆದಿದ್ದರೆ ಅದು ಕಾಗುಣಿತದ ತಪ್ಪು, ಅರ್ಥ ಕೆಟ್ಟಿರುವುದು ಅಪರೂಪ. ಬಹುವಚನಗಳು ಏಕವಚನಗಳಾಗಿದ್ದರೆ, ಲೊಸ್ ಅಮೀಗೊಸ್ ಎಂಬುದು ಲೊ ಅಮೀಗೊ ಎಂದು ಕೇಳಿಸಿದ್ದರೆ, ದೋಷ ಸೆಸೆಯೋದ್ದಲ್ಲ. ಆಂದಲೂಸಿಯಾ ಮತ್ತು ಕೆರಿಬಿಯನ್ ತೀರಗಳಲ್ಲಿ ಪದಾಂತ್ಯದ ಸಕಾರ ಹಕಾರವಾಗಿ ಸವೆಯುತ್ತದೆ ಅಥವಾ ಪೂರ್ತಿ ಬಿದ್ದುಹೋಗುತ್ತದೆ. ಕೇಳುಗರನ್ನು ಹೆಚ್ಚು ಸೋಲಿಸುವುದು ಇದೇ. ಅಂಥ ತಪ್ಪುಗಳು ಕಂಡರೆ ಹವಾನಾ ಅಥವಾ ಸೆವಿಲ್ಲೆಯ ಮುದ್ರಣಗಳನ್ನು ಆರಿಸಿಕೊಂಡು ಪದಾಂತ್ಯಗಳನ್ನಷ್ಟೇ ಬರೆಯುವ ಬೇರೆಯೇ ಉಕ್ತಲೇಖನ ನಡೆಸಬೇಕು.