ಓದಲು ಹೊರಟವರ ರಾಜೀನಾಮೆ ಮೇಲ್: ಕೆಲಸ ಒಪ್ಪಿಸುವ ಮಾತು ಹೀಗಿರಲಿ

ಮಾಸ್ಟರ್ಸ್ ಮಾಡಲು ಕೆಲಸ ಬಿಡುವವರು ಕಾರಣವನ್ನೇ ಉದ್ದಕ್ಕೆ ಬರೆಯುತ್ತಾರೆ. ಅದಕ್ಕೆ ಒಂದು ಸಾಲು ಸಾಕು. ಮ್ಯಾನೇಜರ್ ಹುಡುಕುವುದು ಕೊನೆಯ ದಿನಾಂಕ, ಆಮೇಲೆ ‘ಇವರ ಕೆಲಸ ಯಾರು ನೋಡ್ಕೋತಾರೆ’ ಅನ್ನೋದನ್ನ. ಮೊದಲು ಎದುರಿಗೆ ಹೇಳಿ, ಅದೇ ದಿನ ಮೇಲ್ ಕಳಿಸಿ. ಸಾಫ್ಟ್‌ವೇರ್ ಕೆಲಸ ಬಿಡುವಾಗ ನಾನು ಬರೆದ ಮೇಲ್ ಹೆಚ್ಚುಕಮ್ಮಿ ಹೀಗಿತ್ತು:

“ಸರ್, ಮಾಸ್ಟರ್ಸ್‌ಗೆ ಸೀಟು ಸಿಕ್ಕಿರುವುದರಿಂದ ರಾಜೀನಾಮೆ ನೀಡುತ್ತಿದ್ದೇನೆ. ನೋಟಿಸ್ ಅವಧಿಯಂತೆ ಜುಲೈ 31 ನನ್ನ ಕೊನೆಯ ದಿನ. ಸರ್ವಿಸ್ ಕೈಕೊಟ್ಟಾಗ ತಪ್ಪು ಹುಡುಕುವ ಮೊದಲು ಹಿಂದಿನ ವರ್ಷನ್‌ಗೆ ಮರಳಬೇಕೆಂದು ಕಲಿಸಿದವರು ನೀವು, ಧನ್ಯವಾದ. ಮೊದಲ ವಾರ ಡಿಪ್ಲಾಯ್ ಹಂತಗಳ ಡಾಕ್ಯುಮೆಂಟ್ ಮುಗಿಸುತ್ತೇನೆ. ಎರಡನೇ ವಾರದಿಂದ ನೀವು ಸೂಚಿಸಿದವರೇ ಡಿಪ್ಲಾಯ್ ಮಾಡಲಿ, ನಾನು ಪಕ್ಕದಲ್ಲಿರುತ್ತೇನೆ. ಕೊನೆಯ ವಾರ ಹೊಸ ಕೋಡ್ ಮುಟ್ಟುವುದಿಲ್ಲ.”

ಹೊಸಬರ ಕೈಯಿಂದಲೇ ಡಿಪ್ಲಾಯ್ ಮಾಡಿಸಿ. ನನ್ನ ಡಾಕ್ಯುಮೆಂಟಿನಲ್ಲಿ ಒಂದು ಹಂತವೇ ಬಿಟ್ಟುಹೋಗಿದ್ದು ಗೊತ್ತಾದದ್ದು ಆಗಲೇ. ಇನ್ನೊಂದು, ರಾತ್ರಿ ಓಡುವ ಜಾಬ್ ಒಂದು ನನ್ನ ಸ್ವಂತ ಲಾಗಿನ್ ಮೇಲಿತ್ತು. ನನ್ನ ಅಕೌಂಟ್ ಮುಚ್ಚಿದ ದಿನ ಅದೂ ನಿಲ್ಲುತ್ತಿತ್ತು. ಅಂಥವನ್ನು ಮೊದಲ ವಾರವೇ ಯಾರೊಬ್ಬರ ಹೆಸರಿಗೂ ಸೇರದ ಸರ್ವಿಸ್ ಅಕೌಂಟ್‌ಗೆ ಬದಲಿಸಿ.

‘ಯಾವಾಗ ಬೇಕಾದರೂ ಫೋನ್ ಮಾಡಿ’ ಎಂದು ಮಾತ್ರ ಬರೆಯಬೇಡಿ. ಪರೀಕ್ಷೆಯ ಹಿಂದಿನ ರಾತ್ರಿಯೇ ಮಾಡುತ್ತಾರೆ!