ಲೀಡ್ಸ್‌ನಲ್ಲಿ ಜಿಪಿ ಹತ್ತಿರ ಹೆಸರು ಬರೆಸಿದ್ದು, ಥೈರಾಯ್ಡ್ ಮಾತ್ರೆ ಪಡೆದಿದ್ದು

ಶಿವಮೊಗ್ಗದಲ್ಲಿ ಥೈರಾಯ್ಡ್ ಏರುಪೇರಾದರೆ ದುರ್ಗಿಗುಡಿಗೆ ಹೋಗಿ ಟೋಕನ್ ತಗೊಂಡು ನೇರವಾಗಿ ಸ್ಪೆಷಲಿಸ್ಟ್ ಮುಂದೆಯೇ ಕೂರಬಹುದು. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ವ್ಯವಸ್ಥೆಯಾದ ಎನ್‌ಎಚ್‌ಎಸ್‌ನಲ್ಲಿ ಆ ದಾರಿ ಇಲ್ಲ. ಮೊದಲು ಜಿಪಿ, ಅಂದರೆ ನಮ್ಮ ಮನೆ ವೈದ್ಯರು. ಸ್ಪೆಷಲಿಸ್ಟ್ ಬೇಕೋ ಬೇಡವೋ ಅಂತ ನೋಡಿ ಚೀಟಿ ಕೊಡುವವರು ಅವರೇ. ಜಿಪಿ ಕೂರುವ ಕ್ಲಿನಿಕ್ಕಿಗೆ ಅಲ್ಲಿ ‘ಸರ್ಜರಿ’ ಅನ್ನುತ್ತಾರೆ. ಆಪರೇಷನ್ನಿಗೂ ಅದಕ್ಕೂ ಸಂಬಂಧವಿಲ್ಲ.

ವೀಸಾ ಅರ್ಜಿಯ ಜೊತೆಗೇ ಎನ್‌ಎಚ್‌ಎಸ್ ಬಳಸುವುದಕ್ಕೆಂದು ಆರೋಗ್ಯ ಸರ್‌ಚಾರ್ಜ್ ಕಟ್ಟಿರುತ್ತೇವೆ. 2024ರ ಫೆಬ್ರವರಿಯಿಂದ ದೊಡ್ಡವರಿಗೆ ವರ್ಷಕ್ಕೆ 1,035 ಪೌಂಡ್, 18 ವರ್ಷದೊಳಗಿನ ಮಕ್ಕಳಿಗೆ 776. ಗಂಡ ಹೆಂಡತಿಗೆ ಮೂರು ವರ್ಷದ ವೀಸಾ ಅಂದರೆ 6,210 ಪೌಂಡ್, ಎಲ್ಲವೂ ಒಂದೇ ಕಂತಿನಲ್ಲಿ. ಇಷ್ಟು ಕಟ್ಟಿದ ಮೇಲೆ ಹೆಸರು ತಾನಾಗಿಯೇ ಸೇರಿರುತ್ತದೆ ಅಂದುಕೊಳ್ಳುವವರು ಬಹಳ ಜನ. ಸೇರಿರುವುದಿಲ್ಲ, ನಾವೇ ಹೋಗಿ ಬರೆಸಬೇಕು. ಜ್ವರ ಬರುವ ತನಕ ಕಾಯದೆ, ಬಾಡಿಗೆ ಮನೆ ಗೊತ್ತಾದ ವಾರವೇ ಬರೆಸಿ.

ಎನ್‌ಎಚ್‌ಎಸ್ ವೆಬ್‌ಸೈಟಿನಲ್ಲಿ ಮನೆಯ ಪೋಸ್ಟ್‌ಕೋಡ್ ಹಾಕಿದರೆ ಹತ್ತಿರದ ಸರ್ಜರಿಗಳು ಕಾಣುತ್ತವೆ. ಹೊಸಬರನ್ನು ಸೇರಿಸಿಕೊಳ್ಳುತ್ತಿದ್ದಾರಾ, ನಮ್ಮ ಬೀದಿ ಅವರ ಎಲ್ಲೆಯೊಳಗೆ ಬರುತ್ತದಾ, ಈ ಎರಡನ್ನು ನೋಡಿಕೊಂಡು ಆನ್‌ಲೈನ್‌ನಲ್ಲೋ ಕಾಗದದ ಫಾರಂನಲ್ಲೋ ಅರ್ಜಿ ಕೊಡಬೇಕು. ಎನ್‌ಎಚ್‌ಎಸ್ ನಂಬರ್ ಕೇಳುವ ಜಾಗ ಖಾಲಿ ಬಿಡಿ. ಹತ್ತು ಅಂಕಿಯ ಆ ನಂಬರ್ ಹೊಸಬರಿಗೆ ಆಮೇಲೆ ಸಿಗುತ್ತದೆ.

ನಾನು ಹೋದ ಮೊದಲ ಸರ್ಜರಿಯಲ್ಲಿ ಕೌಂಟರಿನವರು ಕರೆಂಟ್ ಬಿಲ್ ಕೇಳಿದರು. ಮನೆಗೆ ಬಂದು ನಾಲ್ಕೇ ದಿನ, ಬಿಲ್ ಎಲ್ಲಿಂದ ಬರಬೇಕು? ವಿಳಾಸದ ದಾಖಲೆ, ವೀಸಾ ಕಾಗದ ಇಲ್ಲ ಅನ್ನುವ ಕಾರಣಕ್ಕೆ ವಾಪಸ್ ಕಳಿಸುವ ಹಾಗಿಲ್ಲ ಅಂತ ಎನ್‌ಎಚ್‌ಎಸ್ ನಿಯಮವೇ ಹೇಳುತ್ತದೆ. ಸೇರಿಸಿಕೊಳ್ಳದಿದ್ದರೆ 14 ದಿನದೊಳಗೆ ಕಾರಣವನ್ನು ಬರವಣಿಗೆಯಲ್ಲಿ ಕೊಡಬೇಕು. ‘ಹಾಗಾದರೆ ಕಾರಣ ಬರೆದುಕೊಡಿ’ ಅಂತ ಸಮಾಧಾನವಾಗಿ ಕೇಳಿದೆ. ಫಾರಂ ತಗೊಂಡರು.

ನಮ್ಮ ಕಡೆಯವರಿಗೆ ಇದಕ್ಕಿಂತ ದೊಡ್ಡ ತೊಡಕು ಹೆಸರಿನದು. ಎಷ್ಟೋ ಪಾಸ್‌ಪೋರ್ಟುಗಳಲ್ಲಿ ಸರ್‌ನೇಮ್ ಖಾಲಿ, ಇಲ್ಲವೇ ಊರಿನ ಹೆಸರೋ ಅಪ್ಪನ ಹೆಸರೋ ಅಲ್ಲಿ ಕೂತಿರುತ್ತದೆ. ಒಂದು ಕಡೆ ಇನಿಷಿಯಲ್, ಇನ್ನೊಂದು ಕಡೆ ಪೂರ್ತಿ ಹೆಸರು ಕೊಟ್ಟರೆ ಒಬ್ಬರಿಗೇ ಎರಡು ದಾಖಲೆ ಹುಟ್ಟಬಹುದು. ರಕ್ತ ಪರೀಕ್ಷೆಯ ಫಲಿತಾಂಶ ಒಂದರಲ್ಲಿ, ಮಾತ್ರೆ ಚೀಟಿ ಇನ್ನೊಂದರಲ್ಲಿ. ಎನ್‌ಎಚ್‌ಎಸ್ ಆ್ಯಪ್‌ನಲ್ಲಿ ಗುರುತು ಹೊಂದುತ್ತಿಲ್ಲ ಅಂತ ಬಂದರೆ ಮೊದಲು ಇದನ್ನೇ ಅನುಮಾನಿಸಿ. ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಅಕ್ಷರ ಬಿಡದೆ ಹಾಗೇ ಎಲ್ಲ ಕಡೆ ಬರೆಯಿರಿ.

ಈಗ ಮಾತ್ರೆಯ ವಿಷಯ. ಹೊರಡುವ ಮೊದಲು ಶಿವಮೊಗ್ಗದ ಡಾಕ್ಟರ ಹತ್ತಿರ ಒಂದು ಪತ್ರ ಬರೆಸಿಕೊಂಡಿದ್ದೆ. ಅದರಲ್ಲಿ ಕಂಪನಿಯ ಹೆಸರಲ್ಲ, ಔಷಧದ ಮೂಲ ಹೆಸರು ಇರಬೇಕು: ಲೆವೊಥೈರಾಕ್ಸಿನ್, 50 ಮೈಕ್ರೋಗ್ರಾಂ, ಬೆಳಗ್ಗೆ ಖಾಲಿ ಹೊಟ್ಟೆಗೆ. ಜೊತೆಗೆ ಕೊನೆಯ ಟಿಎಸ್‌ಎಚ್ ರಿಪೋರ್ಟ್. ಹೊಸ ಜಿಪಿ ತಾವೂ ಒಮ್ಮೆ ರಕ್ತ ನೋಡಿಯೇ ಮುಂದುವರಿಸುವುದು ಸಾಮಾನ್ಯ, ಅದಕ್ಕಾಗಿ ಎರಡು ತಿಂಗಳ ಮಾತ್ರೆ ಕೈಯಲ್ಲಿರಲಿ.

ಡಾಕ್ಟರ ಭೇಟಿಗೆ ಫೀಸಿಲ್ಲ. ಆದರೆ ಇಂಗ್ಲೆಂಡಿನಲ್ಲಿ ಚೀಟಿಯ ಪ್ರತಿ ಔಷಧಕ್ಕೂ ಮೆಡಿಕಲ್ ಶಾಪಿನಲ್ಲಿ 9.90 ಪೌಂಡ್ ಕಟ್ಟಬೇಕು (ಇದು 2025ರ ದರ). ಲೆವೊಥೈರಾಕ್ಸಿನ್ ನುಂಗಲೇಬೇಕಾದ ಹೈಪೋಥೈರಾಯ್ಡ್ ಇದ್ದವರಿಗೆ ಇದರಿಂದ ವಿನಾಯಿತಿ ಉಂಟು, ಆದರೆ ಕೇಳದೆ ಸಿಗದು. ಸರ್ಜರಿಯಲ್ಲಿ FP92A ಫಾರಂ ಕೇಳಿ, ಅವರಿಂದ ಸಹಿ ಮಾಡಿಸಿ ಕಳಿಸಿದರೆ ಐದು ವರ್ಷದ ಸರ್ಟಿಫಿಕೇಟ್ ಬರುತ್ತದೆ. ಅದು ಥೈರಾಯ್ಡ್ ಮಾತ್ರೆಗಷ್ಟೇ ಅಲ್ಲ, ಆ ಅವಧಿಯಲ್ಲಿ ಜಿಪಿ ಬರೆದ ಎಲ್ಲ ಔಷಧಕ್ಕೂ ಸಲ್ಲುತ್ತದೆ. ಕಾಯಿಲೆ ಇದೆ ಅಂದಮಾತ್ರಕ್ಕೆ ಸರ್ಟಿಫಿಕೇಟ್ ಇಲ್ಲದೆ ‘ವಿನಾಯಿತಿ’ ಅಂತ ಗುರುತು ಹಾಕಿದರೆ 100 ಪೌಂಡ್‌ವರೆಗೆ ದಂಡ ಬೀಳಬಹುದು. ಸರ್ಟಿಫಿಕೇಟ್ ಬರುವ ತನಕ ದುಡ್ಡು ಕೊಟ್ಟೇ ತಗೊಳ್ಳಿ, ಆದರೆ ಕೊಡುವಾಗಲೇ FP57 ರಸೀದಿ ಕೇಳಿ. ಆಮೇಲೆ ಕೇಳಿದರೆ ಕೊಡುವುದಿಲ್ಲ, ಅದಿಲ್ಲದೆ ಹಣ ವಾಪಸ್ ಬರುವುದಿಲ್ಲ.

ತೀರ್ಥಹಳ್ಳಿಯಿಂದಲೋ ಸಾಗರದಿಂದಲೋ ಬಾಣಂತನಕ್ಕೆ ಬರುವ ಅಮ್ಮನ ಲೆಕ್ಕ ಬೇರೆ. ಆರು ತಿಂಗಳ ವಿಸಿಟರ್ ವೀಸಾಕ್ಕೆ ಸರ್‌ಚಾರ್ಜ್ ಇಲ್ಲ, ಹಾಗಾಗಿ ಆಸ್ಪತ್ರೆಯ ರಕ್ಷಣೆಯೂ ಇಲ್ಲ. ಅವರೂ ಜಿಪಿ ಹತ್ತಿರ ಹೆಸರು ಬರೆಸಬಹುದು, ಅಲ್ಲಿ ತೋರಿಸಲು ಖರ್ಚಿಲ್ಲ. ತುರ್ತು ವಿಭಾಗದಲ್ಲಿ ನೋಡುವುದೂ ಉಚಿತ. ಅಲ್ಲಿಂದ ವಾರ್ಡಿಗೆ ಸೇರಿಸಿದ ಗಳಿಗೆಯಿಂದ ಬಿಲ್ಲು ಶುರು, ಅದೂ ಎನ್‌ಎಚ್‌ಎಸ್ ದರದ ಒಂದೂವರೆ ಪಟ್ಟು. ಹಾಗಾಗಿ ಟಿಕೆಟ್ ತೆಗೆಯುವಾಗಲೇ ಟ್ರಾವೆಲ್ ಇನ್ಶೂರೆನ್ಸ್ ಮಾಡಿಸಿ, ಅಮ್ಮನಿಗೆ ಇರುವ ಬಿಪಿ, ಶುಗರ್ ಎರಡನ್ನೂ ಅರ್ಜಿಯಲ್ಲಿ ಬರೆಯಿರಿ. ಅವೆರಡಕ್ಕೂ ಪಾಲಿಸಿ ದುಡ್ಡು ಕೊಡುತ್ತದಾ ಅನ್ನುವುದನ್ನು ಏಜೆಂಟರ ಬಾಯಿಮಾತಿನಲ್ಲಲ್ಲ, ಪಾಲಿಸಿ ಕಾಗದದಲ್ಲಿ ಓದಿ ನೋಡಿ.