ಒಂದು ಗಂಟೆಯ ಪಾಠ, ಪೋಷಕರಿಗೆ ನಾಲ್ಕು ಸಾಲು

ಕೋಲಾರದ ಹೊರವಲಯದ ಒಂದು ಮನೆಯಲ್ಲಿ ಆರನೇ ತರಗತಿಯ ಹುಡುಗಿಗೆ ವಾರಕ್ಕೆರಡು ದಿನ ಗಣಿತ ಹೇಳಿಕೊಡುತ್ತೇನೆ. ಪೋಷಕರ ಒಪ್ಪಿಗೆ ಪಡೆದು ಪಾಠವನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತೇನೆ. ಅಂದು ರಾತ್ರಿಯೇ ಅದನ್ನು ಕೇಳಿ, ಏನು ನಡೆಯಿತು, ಎಲ್ಲಿ ತಪ್ಪಾಯಿತು, ಮನೆಯಲ್ಲಿ ಏನು ಮಾಡಿಸಬೇಕು ಎಂಬುದನ್ನು ಅವರಿಗೆ ವಾಟ್ಸಾಪ್‌ನಲ್ಲಿ ಬರೆದು ಕಳುಹಿಸಿ, ರೆಕಾರ್ಡಿಂಗ್ ಅಳಿಸಿಬಿಡುತ್ತೇನೆ.

ಮೊದಮೊದಲು ನಾನು ವಿವರಿಸಿದ್ದನ್ನೆಲ್ಲ ‘ಆದ ಪಾಠ’ ಎಂದು ಬರೆಯುತ್ತಿದ್ದೆ. ಆದರೆ ರೆಕಾರ್ಡಿಂಗಿನಲ್ಲಿ ಬಹುಪಾಲು ನನ್ನದೇ ಧ್ವನಿ! ಈಗ ನನ್ನ ಮಾತನ್ನು ಓಡಿಸಿ, ಅವಳು ಬಾಯಿಬಿಟ್ಟ ಕಡೆ ಮಾತ್ರ ನಿಲ್ಲಿಸಿ, ಅವಳು ಹೇಳಿದ್ದನ್ನು ಹೇಳಿದಂತೆಯೇ ನಿಮಿಷದೊಂದಿಗೆ ಗುರುತು ಹಾಕಿಕೊಳ್ಳುತ್ತೇನೆ. ನನ್ನ ಸುಳಿವಿಲ್ಲದೆ ಮಾಡಿದ ಲೆಕ್ಕ ಒಂದು ಸಾಲಿಗೆ, ನಾನು ಹೇಳಿಕೊಟ್ಟು ಮಾಡಿಸಿದ್ದು ಇನ್ನೊಂದು ಸಾಲಿಗೆ ಹೋಗುತ್ತದೆ. ‘ಇನ್ನೊಮ್ಮೆ ನೋಡು’ ಎಂದಾಕ್ಷಣ ಅವಳೇ ತಿದ್ದಿಕೊಂಡ ತಪ್ಪನ್ನು ಪೋಷಕರಿಗೆ ಬರೆಯುವುದಿಲ್ಲ. ಅದೇ ತಪ್ಪು ಕಾರಣ ಹೇಳಿ ಮತ್ತೆ ಮಾಡಿದ ತಪ್ಪನ್ನು ಮಾತ್ರ ಬರೆಯುತ್ತೇನೆ.

ದಶಾಂಶ ಸಂಖ್ಯೆಗಳ ಪಾಠದ ದಿನ ಇದರ ಉಪಯೋಗ ಚೆನ್ನಾಗಿ ತಿಳಿಯಿತು. ಹನ್ನೆರಡನೇ ನಿಮಿಷದಲ್ಲಿ 0.6 ಮತ್ತು 0.4ರಲ್ಲಿ ದೊಡ್ಡದನ್ನು ಸರಿಯಾಗಿ ಹೇಳಿದ್ದಳು. ಮೂವತ್ತೊಂದನೇ ನಿಮಿಷದಲ್ಲಿ 0.8ಕ್ಕಿಂತ 0.75 ದೊಡ್ಡದೆಂದಳು, ನಲವತ್ತೇಳರಲ್ಲಿ 0.5ಕ್ಕಿಂತ 0.35 ದೊಡ್ಡದೆಂದಳು. ನೋಟ್‌ಬುಕ್ಕಿನಲ್ಲಿ ಕಂಡದ್ದು ಎರಡು ತಪ್ಪು ಗುರುತು ಮಾತ್ರ. ಕಾರಣ ಅವಳ ಓದಿನಲ್ಲಿತ್ತು: ‘ಸೊನ್ನೆ ಬಿಂದು ಎಪ್ಪತ್ತೈದು’. ಎಪ್ಪತ್ತೈದು ಎಂಟಕ್ಕಿಂತ ದೊಡ್ಡದಲ್ಲವೇ? ಇನ್ನೂ ಹಿಂದಕ್ಕೆ ಹೋಗಿ ಕೇಳಿದಾಗ, ಹಾಗೆ ಮೊದಲು ಓದಿದವನು ನಾನೇ ಎಂಬುದು ಗೊತ್ತಾಯಿತು. ಅದನ್ನೂ ಬರೆದೆ.

ಹಿಂದೊಮ್ಮೆ ‘ದಶಾಂಶದಲ್ಲಿ ದುರ್ಬಲ’ ಎಂದು ಬರೆದಿದ್ದಾಗ ಮಗುವಿಗೆ ಬೈಗುಳ ಬಿದ್ದಿತ್ತೇ ಹೊರತು ಬೇರೇನೂ ಆಗಿರಲಿಲ್ಲ. ಈ ಸಲ ಕಳುಹಿಸಿದ್ದು ಇಷ್ಟು:

‘ತಾನೇ ಮಾಡಿದ್ದು: ಬಿಂದುವಿನ ನಂತರ ಒಂದೇ ಅಂಕಿಯಿರುವ ಸಂಖ್ಯೆಗಳ ಹೋಲಿಕೆ.
ಹೇಳಿಕೊಟ್ಟು ಮಾಡಿಸಿದ್ದು: ಒಂದರಲ್ಲಿ ಒಂದಂಕಿ, ಇನ್ನೊಂದರಲ್ಲಿ ಎರಡಂಕಿ ಇದ್ದಾಗಿನ ಹೋಲಿಕೆ.
ತಪ್ಪು: 0.75 ಅನ್ನು ಬಿಂದು ಎಪ್ಪತ್ತೈದು ಎಂದು ಓದಿ, 0.8ಕ್ಕಿಂತ ದೊಡ್ಡದೆನ್ನುತ್ತಾಳೆ. ನಾನೂ ಹಾಗೆ ಓದಿದ್ದೆ. ಇನ್ನು ಬಿಂದು ಏಳು ಐದು ಎಂದೇ ಓದಿಸೋಣ.
ಮನೆಗೆಲಸ: ಡೈರಿ ಚೀಟಿಯ ಎಸ್‌ಎನ್‌ಎಫ್ ಅಂಕಿಗಳನ್ನು ಮೂರು ದಿನ ಬರೆದು, ಯಾವುದು ಹೆಚ್ಚೆಂದು ಕೇಳಿ, ಯಾಕೆಂದೂ ಹೇಳಿಸಿ.’

ಎಸ್‌ಎನ್‌ಎಫ್ ಎಂದರೆ ಹಾಲಿನಲ್ಲಿ ಕೊಬ್ಬು ಬಿಟ್ಟು ಉಳಿದ ಘನಾಂಶ; ಅವರ ಮನೆಯಿಂದ ಡೈರಿಗೆ ಹಾಲು ಹೋಗುವುದರಿಂದ ಅದನ್ನು ತೋರಿಸುವ ಚೀಟಿ ಹುಡುಕುವ ಕಷ್ಟವಿರಲಿಲ್ಲ. ಆದರೆ ಮನೆಗೆಲಸದಲ್ಲೊಂದು ಎಡವಟ್ಟಾಯಿತು. ಚೀಟಿಯಲ್ಲಿ 8.50, 8.45 ಎಂದು ಎರಡರಲ್ಲೂ ಎರಡಂಕಿ ಅಚ್ಚಾಗಿದ್ದವು. ಹಳೆಯ ತಪ್ಪು ಲೆಕ್ಕಾಚಾರದಿಂದಲೂ ಅಲ್ಲಿ ಸರಿಯುತ್ತರವೇ ಬರುತ್ತದೆ, ಆದ್ದರಿಂದ ಮೂರು ದಿನವೂ ‘ಎಲ್ಲಾ ಸರಿ ಸರ್’ ಎಂಬ ಉತ್ತರ ಬಂತು. ಮುಂದಿನ ಪಾಠದಲ್ಲಿ ಕೊನೆಯ ಸೊನ್ನೆ ಅಳಿಸಿ 8.5 ಮತ್ತು 8.45 ಎಂದು ಬರೆದುಕೊಟ್ಟೆ. ಅವಳು ಮತ್ತೆ 8.45ನ್ನೇ ತೋರಿಸಿದಳು. ಅಂದಿನಿಂದ ಚೀಟಿಯ ಕೊನೆಯ ಸೊನ್ನೆಗಳನ್ನು ಹೊಡೆದುಹಾಕಿ ಕೇಳಬೇಕೆಂದು ಅವಳ ತಾಯಿಗೆ ಬರೆದಿದ್ದೇನೆ.